ಶೇಕಡಾವಾರು ಲೆಕ್ಕ, ವಯಸ್ಸಿಗೆ ತೂಕ, ಉದ್ದಕ್ಕೆ ತೂಕ: ಇಬ್ಬರು ಮಕ್ಕಳ ಮೇಲೆ ಮೂರು ಅಳತೆಗೋಲು

ಸಮುದಾಯ ವೈದ್ಯಕೀಯ ವಿಭಾಗದ ಅಸೈನ್‌ಮೆಂಟ್‌ಗೆ ಕಾರವಾರದ ಹತ್ತಿರದ ಮೀನುಗಾರರ ಕೇರಿಯ ಅಂಗನವಾಡಿಯೊಂದು ನಮ್ಮ ಪಾಲಿಗೆ ಬಂದಿತ್ತು. ಐದು ವರ್ಷದೊಳಗಿನ ಮಕ್ಕಳನ್ನು ಅಳೆಯಬೇಕು, ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಬೇಕು, ಪ್ರತಿ ಮಗುವಿನ ಮುಂದೆ ಅಪೌಷ್ಟಿಕತೆಯ ವರ್ಗ ಬರೆಯಬೇಕು. ಯಾವ ವರ್ಗೀಕರಣ ಎಂಬುದನ್ನು ನಮಗೇ ಬಿಟ್ಟಿದ್ದರು. ಪಠ್ಯಪುಸ್ತಕದ ಶೇಕಡಾವಾರು ಲೆಕ್ಕ, ತಾಯಿ ಕಾರ್ಡಿನಲ್ಲಿರುವ ವಯಸ್ಸಿಗೆ ತೂಕದ ನಕ್ಷೆ, ವಿಶ್ವ ಆರೋಗ್ಯ ಸಂಸ್ಥೆಯ ಉದ್ದಕ್ಕೆ ತೂಕದ ಕೋಷ್ಟಕ, ಈ ಮೂರನ್ನೂ ಅದೇ ಮಕ್ಕಳ ಮೇಲೆ ಬಳಸಿ ನೋಡಿದೆ. ಇಲ್ಲಿ ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೂರೂ ವಿಧಾನಗಳ ಗುಣದೋಷ ಇವರಿಬ್ಬರಲ್ಲೇ ತೋರಿಬಿಡುತ್ತದೆ.

ಇಬ್ಬರಿಗೂ ಹದಿನೆಂಟು ತಿಂಗಳು ತುಂಬಿದೆ. ಹುಡುಗಿಯ ತೂಕ 7.8 ಕಿಲೋ, ಮಲಗಿಸಿ ಅಳೆದ ಉದ್ದ 74 ಸೆಂಟಿಮೀಟರ್. ಹುಡುಗನ ತೂಕ 8.9 ಕಿಲೋ, ಉದ್ದ 82 ಸೆಂಟಿಮೀಟರ್. ಇಬ್ಬರ ಪಾದಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದ್ದೆವು, ಬಾವು ಇರಲಿಲ್ಲ. ಇದನ್ನು ಮೊದಲೇ ನೋಡಿಕೊಳ್ಳಬೇಕು. ಎರಡೂ ಪಾದ ಬಾತಿದ್ದರೆ ಆ ನೀರೂ ತಕ್ಕಡಿಯಲ್ಲಿ ತೂಗುತ್ತದೆ, ಆಗ ತೂಕವನ್ನು ಆಧರಿಸಿದ ಯಾವ ನಕ್ಷೆಯನ್ನೂ ನಂಬುವಂತಿಲ್ಲ.

ಶೇಕಡಾವಾರು ಲೆಕ್ಕ ಎಲ್ಲಕ್ಕಿಂತ ಸುಲಭ. ಮಗುವಿನ ತೂಕವನ್ನು ಆ ವಯಸ್ಸಿಗೆ ಇರಬೇಕಾದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಗಿಯಿತು. ಮೆಕ್ಸಿಕೋದ ವೈದ್ಯ ಗೋಮೆಜ್ 1956ರಲ್ಲಿ ಬಳಸಿದ ಶ್ರೇಣಿಗಳೂ ಭಾರತೀಯ ಮಕ್ಕಳ ತಜ್ಞರ ಸಂಘದ 1972ರ ಶ್ರೇಣಿಗಳೂ ಹೀಗೆಯೇ ಹುಟ್ಟಿದವು. ತೊಡಕಿರುವುದು ಕೆಳಗಿನ ಸಂಖ್ಯೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಹದಿನೆಂಟು ತಿಂಗಳ ಹುಡುಗಿಯ ಮಧ್ಯಮ ತೂಕ 10.2 ಕಿಲೋ. ಅದರಿಂದ ಭಾಗಿಸಿದರೆ ನಮ್ಮ ಹುಡುಗಿಗೆ ಶೇ 76 ಬರುತ್ತದೆ, ಗೋಮೆಜ್ ಪ್ರಕಾರ ಮೊದಲ ದರ್ಜೆ, ಅಂದರೆ ಸೌಮ್ಯ ಅಪೌಷ್ಟಿಕತೆ. ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡುವ ಸೂತ್ರ ಬೇರೆ: ವರ್ಷಗಳ ಲೆಕ್ಕದ ವಯಸ್ಸನ್ನು ಎರಡರಿಂದ ಗುಣಿಸಿ ಎಂಟು ಕೂಡಿಸು. ಅದರಂತೆ ಇರಬೇಕಾದ ತೂಕ 11 ಕಿಲೋ. ಈಗ ಅದೇ ಹುಡುಗಿ ಶೇ 71ಕ್ಕೆ ಇಳಿದು ಎರಡನೇ ದರ್ಜೆಗೆ ಸೇರುತ್ತಾಳೆ. ಮಗು ಬದಲಾಗಿಲ್ಲ, ಭಾಜಕ ಬದಲಾಗಿದೆ. ಆದ್ದರಿಂದ ಈ ಲೆಕ್ಕ ಬರೆಯಲೇಬೇಕಾದರೆ ಯಾವ ತೂಕದಿಂದ ಭಾಗಿಸಿದ್ದೇವೆ ಎಂದು ಪಕ್ಕದಲ್ಲೇ ನಮೂದಿಸಬೇಕು. ಅದಿಲ್ಲದ ದರ್ಜೆಗೆ ಅರ್ಥವಿಲ್ಲ.

ತಾಯಿ ಕಾರ್ಡಿನ ನಕ್ಷೆ ಇದಕ್ಕಿಂತ ಎಷ್ಟೋ ಮೇಲು. ಹುಡುಗ ಹುಡುಗಿಯರಿಗೆ ಬೇರೆ ಬೇರೆ ನಕ್ಷೆ, ಅಡ್ಡಕ್ಕೆ ತುಂಬಿದ ತಿಂಗಳು, ಕೆಳಗಿನಿಂದ ಮೇಲಕ್ಕೆ ತೂಕ, ನಡುವೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು. ಮಧ್ಯಮ ತೂಕಕ್ಕಿಂತ ಎರಡು ಪ್ರಮಾಣಿತ ವಿಚಲನೆಯಷ್ಟು ಕೆಳಗಿರುವ ಮೈನಸ್ 2 ಗೆರೆಯ ಕೆಳಗೆ ಹಳದಿ, ಅಂದರೆ ಮಧ್ಯಮ ಕಡಿಮೆ ತೂಕ. ಮೈನಸ್ 3ರ ಕೆಳಗೆ ಕಿತ್ತಳೆ, ಅಂದರೆ ತೀವ್ರ ಕಡಿಮೆ ತೂಕ. ಹುಡುಗಿಯ ಮೈನಸ್ 2 ಗೆರೆ ಈ ವಯಸ್ಸಿಗೆ 8.1 ಕಿಲೋದಲ್ಲಿದೆ, ಹಾಗಾಗಿ ಅವಳ ಚುಕ್ಕೆ ಹಳದಿಯಲ್ಲಿ ಬಿತ್ತು. ಹುಡುಗನ ಗೆರೆ 8.8ರಲ್ಲಿದೆ. ಅವನು ಕೂದಲೆಳೆಯಷ್ಟು ಮೇಲೆ, ಹಸಿರಿನಲ್ಲಿ ಉಳಿದ.

ಈ ನಕ್ಷೆ ನಿಂತಿರುವುದು ವಯಸ್ಸಿನ ಮೇಲೆ. ಡಿಸೆಂಬರ್ ಕೊನೆಯಲ್ಲಿ ನಾವು ಅಳೆಯುವಾಗ ಹುಡುಗಿಯ ಅಜ್ಜಿ, "ಬಂದ್ ಮುಗಿದು ದೋಣಿ ಕಡಲಿಗೆ ಇಳಿದ ಮೇಲೆ ಹುಟ್ಟಿದವಳು ಇವಳು" ಎಂದರು. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ, ಹಾಗಾದರೆ ಆಗಸ್ಟ್, ಹದಿನಾರು ತಿಂಗಳು. ತಾಯಿ ಕಾರ್ಡ್ ತೆಗೆಸಿ ನೋಡಿದರೆ ಜನನ ಜೂನ್ ಮಧ್ಯದಲ್ಲಿ. ಹದಿನಾರು ತಿಂಗಳಿಗೆ ಮೈನಸ್ 2 ಗೆರೆ 7.7 ಕಿಲೋ. ಅಜ್ಜಿಯ ನೆನಪನ್ನೇ ಬರೆದಿದ್ದರೆ 7.8 ಕಿಲೋದ ಹುಡುಗಿ ಹಸಿರಿನಲ್ಲಿ ಕುಳಿತಿರುತ್ತಿದ್ದಳು. ಹಬ್ಬ, ಜಾತ್ರೆ, ದೋಣಿಗಳ ಲೆಕ್ಕದಿಂದ ತಿಂಗಳು ಹುಡುಕುವುದು ದಾಖಲೆ ಇಲ್ಲದಾಗ ಒಳ್ಳೆಯ ದಾರಿಯೇ. ಆದರೆ ದಾಖಲೆ ಇದ್ದರೆ ಮೊದಲು ಅದನ್ನು ಕೇಳಬೇಕು.

ಉದ್ದಕ್ಕೆ ತೂಕದ ಕೋಷ್ಟಕಕ್ಕೆ ಬಂದಾಗ ಚಿತ್ರವೇ ತಿರುಗಿತು. ಇಲ್ಲಿ ವಯಸ್ಸಿನ ಗೊಡವೆಯಿಲ್ಲ, ಇಷ್ಟು ಉದ್ದದ ಮಗು ಎಷ್ಟು ತೂಗಬೇಕು ಎಂಬುದೊಂದೇ ಪ್ರಶ್ನೆ. 74 ಸೆಂಟಿಮೀಟರಿನ ಹುಡುಗಿಗೆ ಮೈನಸ್ 2 ಗೆರೆ ಏಳೂವರೆ ಕಿಲೋದ ಆಸುಪಾಸಿನಲ್ಲಿದೆ. 7.8 ಕಿಲೋದ ಇವಳು ಅದರ ಮೇಲಿದ್ದಾಳೆ, ಕೃಶಳಲ್ಲ. ಅವಳ ತೊಂದರೆ ಉದ್ದದ್ದು: ಹದಿನೆಂಟು ತಿಂಗಳಿಗೆ ಉದ್ದದ ಮೈನಸ್ 2 ಗೆರೆ 74.9 ಸೆಂಟಿಮೀಟರ್, ಇವಳು ಅದಕ್ಕಿಂತ ಕೆಳಗೆ. ಇದು ಕುಂಠಿತ ಬೆಳವಣಿಗೆ, ತಿಂಗಳುಗಟ್ಟಲೆ ಕೂಡಿಬಂದ ಕೊರತೆಯ ಗುರುತು. ಹುಡುಗನದು ತದ್ವಿರುದ್ಧ. ಅವನ ಉದ್ದ ಸರಾಸರಿಗೆ ಹತ್ತಿರ. ಆದರೆ 82 ಸೆಂಟಿಮೀಟರಿನ ಹುಡುಗನ ಮೈನಸ್ 2 ಗೆರೆ 9.2 ಕಿಲೋ, ಇವನು ತೂಗುವುದು 8.9. ಮಧ್ಯಮ ಕೃಶತೆ. ತೋಳಿನ ಸುತ್ತಳತೆಯ ಪಟ್ಟಿ ಹಾಕಿದಾಗ 12.3 ಸೆಂಟಿಮೀಟರ್ ಬಂತು, ಅದೂ 12.5ರ ಕೆಳಗೆ. ಹುಡುಗಿಯ ತೋಳು 13.1 ಇತ್ತು.

"ಇವನು ಹಸಿರಿನಲ್ಲೇ ಇದ್ದಾನಲ್ಲ" ಎಂದು ಅಂಗನವಾಡಿಯ ಅಕ್ಕೋರು ಕಾರ್ಡ್ ತೋರಿಸಿದರು. ಅವರು ಓದಿದ್ದು ತಪ್ಪಲ್ಲ, ನಕ್ಷೆ ಹೇಳುವುದೇ ಅಷ್ಟು. ವಯಸ್ಸಿಗೆ ತೂಕ ಎಂಬ ಅಳತೆ ಗಿಡ್ಡ ಮಗುವನ್ನೂ ಸೊರಗಿದ ಮಗುವನ್ನೂ ಒಂದೇ ಸಂಖ್ಯೆಯಲ್ಲಿ ಬೆರೆಸಿಬಿಡುತ್ತದೆ. ಚೆನ್ನಾಗಿ ಉದ್ದ ಬೆಳೆದ ಹುಡುಗನೊಬ್ಬ ಈಚೆಗೆ ಸೊರಗಿದರೆ ಆ ಉದ್ದವೇ ಅವನ ಸೊರಗುವಿಕೆಯನ್ನು ಮುಚ್ಚುತ್ತದೆ. ಶೇಕಡಾವಾರು ಲೆಕ್ಕವೂ ಇಲ್ಲಿ ಎಡವುತ್ತದೆ: ಮಕ್ಕಳ ತಜ್ಞರ ಸಂಘದ ಶ್ರೇಣಿಯಲ್ಲಿ ಶೇ 80ಕ್ಕಿಂತ ಮೇಲಿದ್ದರೆ ಸಹಜ, ವಿಶ್ವ ಆರೋಗ್ಯ ಸಂಸ್ಥೆಯ ಮಧ್ಯಮ ತೂಕದಿಂದ ಭಾಗಿಸಿದರೆ ಈ ಹುಡುಗ ಶೇ 81 ದಾಟಿದ್ದಾನೆ. ಸದ್ಯಕ್ಕೆ ಯಾರ ಮನೆಗೆ ಮೊದಲು ಹೋಗಬೇಕು ಎಂದರೆ ಇವನ ಮನೆಗೇ. ಮುಂದಿನ ಅತಿಸಾರದಲ್ಲಿ ಮೈನಸ್ 3ಕ್ಕೆ ಜಾರುವ ಅಪಾಯ ಇವನಿಗೇ ಹೆಚ್ಚು.

ಉದ್ದಕ್ಕೆ ತೂಕದ ದಾರಿಗೆ ಅದರದೇ ಕಷ್ಟವಿದೆ. ಉದ್ದ ಅಳೆಯುವುದು ಇಬ್ಬರ ಕೆಲಸ. ಒಬ್ಬರು ಮಗುವಿನ ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದಕ್ಕೆ ಚಲಿಸುವ ಹಲಗೆ ತರಬೇಕು. ಮಗು ಮೊಣಕಾಲು ಮಡಚಿದರೆ ಉದ್ದ ಕಡಿಮೆ ಬರುತ್ತದೆ, ಕೃಶ ಮಗು ಸಹಜವಾಗಿ ಕಾಣುತ್ತದೆ. ಎರಡು ವರ್ಷದೊಳಗಿನ ಮಗುವನ್ನು ನಿಲ್ಲಿಸಿ ಅಳೆದರೆ 0.7 ಸೆಂಟಿಮೀಟರ್ ಕೂಡಿಸಬೇಕು. ಎರಡು ಬಾರಿ ಅಳೆದು ಅಂತರ ನೋಡುವುದು ಒಳ್ಳೆಯದು.

ನನ್ನ ಆಯ್ಕೆ ಸ್ಪಷ್ಟ. ವರ್ಗ ಬರೆಯಲು ಉದ್ದಕ್ಕೆ ತೂಕ ಮತ್ತು ವಯಸ್ಸಿಗೆ ಉದ್ದ, ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಬೇಕು. ಮನೆ ಮನೆ ಸುತ್ತುವಾಗ ತೋಳಿನ ಪಟ್ಟಿ ಸಾಕು, ಆರು ತಿಂಗಳಿಂದ ಐದು ವರ್ಷದವರೆಗೆ 11.5ರ ಕೆಳಗೆ ಬಂದರೆ ತೀವ್ರ ಅಪೌಷ್ಟಿಕತೆ ಎಂದು ತಕ್ಷಣ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಆದರೆ ತಾಯಿ ಕಾರ್ಡಿನ ನಕ್ಷೆಯನ್ನು ನಾನು ಬಿಡುವುದಿಲ್ಲ. ಒಂದು ದಿನದ ಅಳತೆ ಹೇಳದ್ದನ್ನು ಅದರ ಹಳೆಯ ಚುಕ್ಕೆಗಳು ಹೇಳುತ್ತವೆ. ಹುಡುಗಿಯ ಗೆರೆ ತಿಂಗಳಿಂದ ತಿಂಗಳಿಗೆ ಹಸಿರಿಗೆ ಸಮಾಂತರವಾಗಿ ಏರುತ್ತ ಬಂದಿತ್ತು. ಹುಡುಗನದು ಹಸಿರಿನೊಳಗೇ ಇದ್ದರೂ ಮಳೆಗಾಲದಿಂದ ಮಟ್ಟಸವಾಗಿ ಸಾಗಿ, ಕೊನೆಯ ಎರಡು ಚುಕ್ಕೆಗಳಲ್ಲಿ ಕೆಳಮುಖವಾಗಿತ್ತು. ಅಕ್ಕೋರು ಆ ಎರಡು ಚುಕ್ಕೆಗಳ ಸುತ್ತ ಪೆನ್ಸಿಲಿನಿಂದ ಗುಂಡು ಹಾಕಿ ಅವನ ಹೆಸರನ್ನು ಮುಂದಿನ ವಾರದ ತೂಕದ ಪಟ್ಟಿಗೆ ಸೇರಿಸಿಕೊಂಡರು.