ಮೂರು ವರ್ಷ ಬಳಸಿದ ಬಿಲ್ಲಿಂಗ್ ಆ್ಯಪ್: ಖಾತೆ ಅಳಿಸಿದ ಮೇಲೂ ಹಣ ಕಡಿತವಾಯಿತು

ಐದಕ್ಕೆ ಮೂರು ನಕ್ಷತ್ರ. ಬಿಲ್ಲು ಹಾಕುವ ಕೆಲಸಕ್ಕಷ್ಟೇ ಆಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ತುಮಕೂರಿನ ಮಂಡಿಪೇಟೆಯ ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ವರ್ಷ ಈ ಆ್ಯಪ್‌ನಲ್ಲೇ ಬಿಲ್ಲು ಹಾಕಿದ್ದೇನೆ. ಕರೆಂಟು ಹೋದರೂ ಮೊಬೈಲ್‌ನಲ್ಲಿ ಬಿಲ್ಲು ತಯಾರಾಗುತ್ತಿತ್ತು. ಜಿಎಸ್‌ಟಿ ಲೆಕ್ಕ ತಪ್ಪಿದ್ದು ನೆನಪಿಲ್ಲ. ಮೊಳೆಯನ್ನು ಕಿಲೋ ಲೆಕ್ಕದಲ್ಲಿ ಕೊಂಡು ಗ್ರಾಮಿನಲ್ಲಿ ಮಾರಿದರೆ ದಾಸ್ತಾನು ಸ್ವಲ್ಪ ಗೊಂದಲವಾಗುತ್ತಿತ್ತು, ಅಷ್ಟೇ. ತಿಂಗಳಿಗೆ 399 ರೂಪಾಯಿ, ಯುಪಿಐ ಆಟೋಪೇ ಮೂಲಕ ಪ್ರತಿ 19ನೇ ತಾರೀಕು ತಾನಾಗಿ ಹೋಗುತ್ತಿತ್ತು.

ನಮ್ಮ ಲೆಕ್ಕಪತ್ರ ನೋಡುವವರು ಬೇರೆ ತಂತ್ರಾಂಶಕ್ಕೆ ಬದಲಾಗಿ ಎಂದಾಗ, 11ನೇ ತಾರೀಕಿನ ರಾತ್ರಿ ಸೆಟ್ಟಿಂಗ್ಸ್‌ನ ಕೊನೆಯಲ್ಲಿದ್ದ Delete account ಒತ್ತಿದೆ. ಖಾತೆಯೇ ಇಲ್ಲದ ಮೇಲೆ ಯಾರಿಗೆ ಬಿಲ್ಲು ಹಾಕುತ್ತಾರೆ ಎಂಬುದು ನನ್ನ ತರ್ಕ. 18ರಂದು ಬಂದ ಸಂದೇಶವನ್ನು ಗಿರಾಕಿಗಳ ನಡುವೆ ಜಾಹೀರಾತು ಎಂದುಕೊಂಡು ಬಿಟ್ಟೆ. ಮರುದಿನ 399 ರೂಪಾಯಿ ಹೋಗಿತ್ತು. ಆ ಸಂದೇಶ ಜಾಹೀರಾತಾಗಿರಲಿಲ್ಲ. ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮದಂತೆ ಬಂದ ಮುನ್ಸೂಚನೆ.

ಖಾತೆ ಕಂಪನಿಯ ಬಳಿ ಇರುವ ದಾಖಲೆ. ಹಣ ಕಡಿತಕ್ಕೆ ನಾವು ಕೊಟ್ಟ ಅನುಮತಿ, ಅಂದರೆ ಮ್ಯಾಂಡೇಟ್, ಇರುವುದು ಬ್ಯಾಂಕು ಮತ್ತು ಯುಪಿಐ ವ್ಯವಸ್ಥೆಯಲ್ಲಿ. ಕಂಪನಿ ತಾನಾಗಿ ಅದನ್ನು ರದ್ದು ಮಾಡದಿದ್ದರೆ, ನನ್ನ ಹೆಸರು, ಬಿಲ್ಲುಗಳೆಲ್ಲ ಅಳಿಸಿಹೋದರೂ ಆ ಅನುಮತಿ ಜೀವಂತವಾಗಿಯೇ ಇರುತ್ತದೆ. ಪ್ಲೇ ಸ್ಟೋರ್ ಮೂಲಕ ಚಂದಾ ಕಟ್ಟಿದವರಿಗೂ ಇದೇ ಕಥೆ: ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ, ಪ್ಲೇ ಸ್ಟೋರ್‌ನ Subscriptions ಪುಟಕ್ಕೇ ಹೋಗಿ ರದ್ದು ಮಾಡಬೇಕು.

ಸಹಾಯವಾಣಿಗೆ ಬರೆದರೆ ಬಂದ ಉತ್ತರ, 'ಈ ಮೊಬೈಲ್ ಸಂಖ್ಯೆಯಲ್ಲಿ ಯಾವುದೇ ಖಾತೆ ಇಲ್ಲ.' ಅಳಿಸಿದ್ದು ನಾನೇ ಆದ್ದರಿಂದ ಅದು ಸುಳ್ಳೂ ಅಲ್ಲ. ಕೊನೆಗೆ ಹಣ ಪಾವತಿಸುವ ಆ್ಯಪ್‌ನ AutoPay ವಿಭಾಗ ತೆರೆದೆ. ಅಲ್ಲಿ ಕಂಪನಿಯ ಹೆಸರು, ಮೊತ್ತ, ಮುಂದಿನ ಕಡಿತದ ದಿನಾಂಕ ಎಲ್ಲವೂ ಇದ್ದವು. ಯುಪಿಐ ಪಿನ್ ಹಾಕಿ ರದ್ದು ಮಾಡಿದೆ. ಮುಂದಿನ ತಿಂಗಳು ಏನೂ ಕಡಿತವಾಗಲಿಲ್ಲ. ಆದರೆ ಮ್ಯಾಂಡೇಟ್ ರದ್ದತಿ ಮುಂದಿನ ಕಡಿತವನ್ನು ತಡೆಯುತ್ತದೆಯೇ ಹೊರತು ಹೋದ ಹಣವನ್ನು ತರುವುದಿಲ್ಲ. ಪಾವತಿಯ ಯುಟಿಆರ್ ಸಂಖ್ಯೆ ಕಳುಹಿಸಿದಾಗ ನನ್ನ ಹಣದ ದಾಖಲೆ ಅವರಿಗೆ ಸಿಕ್ಕಿತು. ತಿಂಗಳು ಶುರುವಾದ ಮೇಲೆ ಮರುಪಾವತಿ ಇಲ್ಲ ಎಂಬ ಷರತ್ತೂ ಜೊತೆಗೇ ಸಿಕ್ಕಿತು.

ನನ್ನದು 399ಕ್ಕೆ ಮುಗಿಯಿತು. ನನ್ನ ಮಾತು ಕೇಳಿ ಇದೇ ಆ್ಯಪ್ ಹಾಕಿಸಿಕೊಂಡ ಕೋಲಾರದ ಭಾವಮೈದುನನದು ಇನ್ನೂ ದುಬಾರಿ. ಬೀಜ, ಗೊಬ್ಬರದ ಅಂಗಡಿ ಅವನದು. ವರ್ಷದ ಯೋಜನೆಗೆ 3,999 ಕಟ್ಟಿದ್ದ, 15 ದಿನದೊಳಗೆ ಬೇಡವೆಂದರೆ ಪೂರ್ತಿ ವಾಪಸ್. ಆರನೇ ದಿನಕ್ಕೆ ಬೇಡವೆನಿಸಿ ಅವನೂ ಅಳಿಸುವ ಗುಂಡಿಯನ್ನೇ ಒತ್ತಿದ.

"ಭಾವ, ಅಂಗಡಿ ಖಾಲಿ ಮಾಡಿ ಬೀಗದ ಕೈ ಕೊಟ್ಟ ಮೇಲೆ ಮುಂಗಡ ವಾಪಸ್ ಬರಬೇಕಲ್ಲವೇ?" ಎಂದ.

ಮರುಪಾವತಿಯ ಅರ್ಜಿ ಇದ್ದದ್ದು ಖಾತೆಯೊಳಗಿನ ಬಿಲ್ಲಿಂಗ್ ಪುಟದಲ್ಲಿ. ಲಾಗಿನ್ ಆಗದೆ ಅಲ್ಲಿಗೆ ಹೋಗಲಾಗದು. ಅಳಿಸುವ ಮುನ್ನ ಬಂದ ಪರದೆಯಲ್ಲಿ, ಖಾತೆ ಅಳಿಸಿದರೆ ಉಳಿದ ಅವಧಿಯ ಮೊತ್ತದ ಮೇಲೆ ಹಕ್ಕು ಇರುವುದಿಲ್ಲ ಎಂಬ ಸಾಲಿಗೆ ಅವನೇ ಗುರುತು ಹಾಕಿದ್ದ. ಒಂಬತ್ತು ದಿನ ಬಾಕಿ ಇದ್ದ ಹಕ್ಕು ಒಂದು ಸ್ಪರ್ಶದಲ್ಲಿ ಹೋಯಿತು. ನನ್ನ ಮೇಲೆ ಅವನಿಗೆ ಇನ್ನೂ ಸ್ವಲ್ಪ ಮುನಿಸಿದೆ.

ಅಂಗಡಿಯವರಿಗೆ ಇನ್ನೊಂದು ಪೆಟ್ಟೂ ಇದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನನ್ನ ಮೂರು ವರ್ಷದ ಬಿಲ್ಲುಗಳು ಉಳಿದಿದ್ದು, ಲೆಕ್ಕಪತ್ರದವರು ಪ್ರತಿ ತಿಂಗಳೂ ಅವುಗಳ ಪ್ರತಿ ತರಿಸಿಕೊಳ್ಳುತ್ತಿದ್ದರಿಂದ ಮಾತ್ರ.

ಈಗ ಹೆಂಡತಿಯ ಹೊಲಿಗೆ ಅಂಗಡಿಯ ಖಾತೆಯನ್ನೂ ಮುಚ್ಚುತ್ತಿದ್ದೇವೆ. ಮೊದಲು ಬಿಲ್ಲುಗಳನ್ನೆಲ್ಲ ಇಳಿಸಿಕೊಂಡೆವು. ಆಮೇಲೆ Cancel plan ಒತ್ತಿ, ರದ್ದತಿಯ ಇಮೇಲ್ ಬರುವವರೆಗೆ ಕಾದೆವು. ಆಟೋಪೇ ಪಟ್ಟಿಯಲ್ಲಿ ಮ್ಯಾಂಡೇಟ್ ಇನ್ನೂ ಸಕ್ರಿಯ ಎಂದೇ ತೋರಿಸುತ್ತಿತ್ತು, ಅದನ್ನೂ ರದ್ದು ಮಾಡಿದೆವು. ಮರುಪಾವತಿಗೆ ಅರ್ಜಿ ಹಾಕಿ ಇಂದಿಗೆ ನಾಲ್ಕು ದಿನ. ಹಣ ಬ್ಯಾಂಕಿಗೆ ಬಂದು ಬೀಳುವವರೆಗೆ ಅಳಿಸುವ ಗುಂಡಿಯನ್ನು ಮುಟ್ಟಕೂಡದೆಂದು ಅವಳಿಗೆ ಹೇಳಿದ್ದೇನೆ. "ಮುಟ್ಟಿದವರು ನೀವಲ್ಲವೇ?" ಎಂದಳು.