"ಬರೀ ವಿಚಾರಣೆ" ಅಂತ ಜೀಪ್ ಹತ್ತಿಸಿದ್ರೆ ಮೊದ್ಲು ಟೈಮ್ ಬರೆದಿಟ್ಕೊಳ್ಳಿ

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವ್ರು ದಯವಿಟ್ಟು ಪೂರ್ತಿ ಓದಿ, ಮನೇಲಿ ಹಿರಿಯರಿಗೂ ಹೇಳಿ. ಪೊಲೀಸ್ರು ಯಾರನ್ನಾದ್ರೂ ಹಿಡ್ಕೊಂಡು ಹೋದ್ರೆ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಆ 24 ಗಂಟೆ ಯಾವಾಗಿಂದ ಶುರು ಅನ್ನೋದ್ರಲ್ಲೇ ಎಲ್ಲಾ ಆಟ ನಡೆಯೋದು.

ಅಡಿಕೆ ಸುಗ್ಗಿ ಟೈಮಲ್ಲಿ ಆಗಿದ್ದು. ಚಿಕ್ಕಪ್ಪನ ಮಗ ಗೂಡ್ಸ್ ಗಾಡಿ ಓಡಿಸ್ತಾನೆ. ಪಕ್ಕದ ಊರಲ್ಲಿ ಒಬ್ರ ಅಂಗಳದಿಂದ ಒಣಗಿದ ಅಡಿಕೆ ಮೂಟೆ ಹೋಗಿದ್ವು, ಅದೇ ದಿನ ಇವನು ಆ ರಸ್ತೇಲಿ ಬೇರೆಯವ್ರ ಲೋಡ್ ಹಾಕ್ಕೊಂಡು ಹೋಗಿದ್ದ. ಶುಕ್ರವಾರ ಸಂಜೆ ಆರು ಗಂಟೆ ಸುಮಾರಿಗೆ ಜೀಪ್ ಬಂತು, "ಎರಡು ಮಾತು ಕೇಳಿ ಕಳಿಸ್ತೀವಿ" ಅಂದ್ರು, ಫೋನ್ ಇಸ್ಕೊಂಡ್ರು, ಕರ್ಕೊಂಡು ಹೋದ್ರು. ಎಂತಕ್ಕೆ ಅಂತ ಚಿಕ್ಕಮ್ಮ ಕೇಳಿದ್ದಕ್ಕೆ ಉತ್ತರ ಇಲ್ಲ.

ರಾತ್ರಿ ನಾನು ಸ್ಟೇಷನ್ನಿಗೆ ಹೋದೆ. ಅರೆಸ್ಟ್ ಮಾಡಿದೀರಾ ಸರ್ ಅಂದ್ರೆ "ಇಲ್ಲಪ್ಪ, ವಿಚಾರಣೆ ಅಷ್ಟೇ". ಹಂಗಾದ್ರೆ ಮನೆಗೆ ಕರ್ಕೊಂಡು ಹೋಗ್ಲಾ ಅಂದ್ರೆ "ಸಾಹೇಬ್ರು ಬರ್ಬೇಕು, ನಾಳೆ ಬಾ". ಶನಿವಾರ ಇಡೀ ದಿನ ಇದೇ ಮಾತು. ಶನಿವಾರ ರಾತ್ರಿ ಚಿಕ್ಕಪ್ಪನ್ನ ಕರೆಸಿ ಒಂದು ಕಾಗದಕ್ಕೆ ಸೈನ್ ಹಾಕಿಸಿದ್ರು, ಅದ್ರಲ್ಲಿ ದಸ್ತಗಿರಿ ಟೈಮ್ ಶನಿವಾರ ರಾತ್ರಿ 9 ಗಂಟೆ ಅಂತಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ ಮ್ಯಾಜಿಸ್ಟ್ರೇಟ್ ಮನೆಗೆ ಕರ್ಕೊಂಡು ಹೋದ್ರು. ಲೆಕ್ಕ ಹಾಕಿ ನೋಡಿ, ಕಾಗದದ ಪ್ರಕಾರ 19 ಗಂಟೆ, ಎಲ್ಲಾ ಸರಿ ಇದೆ. ನಿಜವಾಗಿ ಹುಡುಗ ಒಳಗಿದ್ದಿದ್ದು 46 ಗಂಟೆ. ಆ ವ್ಯತ್ಯಾಸದ 27 ಗಂಟೆ ಅವನು ಯಾವ ರೆಕಾರ್ಡಲ್ಲೂ ಇಲ್ಲ, ಆ ಹೊತ್ತಲ್ಲಿ ಅವನಿಗೆ ಏನೇ ಆಗಿದ್ರೂ ಸ್ಟೇಷನ್ನಲ್ಲೇ ಇರ್ಲಿಲ್ಲ ಅಂತ ಹೇಳ್ಬಹುದಿತ್ತು, ಅದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಕೈಕಾಲು ನಡುಗತ್ತೆ.

ಶುಕ್ರವಾರ ರಾತ್ರಿ ಪರಿಚಯದ ವಕೀಲರೊಬ್ರು ಫೋನಲ್ಲಿ ಹೇಳಿದ ಮಾತೇ ನಮ್ಮನ್ನ ಉಳಿಸಿದ್ದು. "ಹೋಗು ಅಂತ ಬಿಡದೇ ಇದ್ರೆ ಅದು ಬಂಧನವೇ, ಅವ್ರು ಏನು ಹೆಸರಾದ್ರೂ ಇಟ್ಕೊಳ್ಳಲಿ, ನೀನು ಈಗಿಂದ ಟೈಮ್ ಬೀಳೋ ಹಂಗೆ ಮಾಡು" ಅಂದ್ರು. ಅಂದ್ರೆ ಇಷ್ಟೇ: ಹುಡುಗನ್ನ ಇಂತಾ ಹೊತ್ತಿಗೆ ಇಂತಾ ಠಾಣೆಯವ್ರು ಕರ್ಕೊಂಡು ಹೋಗಿದಾರೆ, ಕಾರಣ ಹೇಳಿಲ್ಲ ಅಂತ ವಕೀಲರಿಗೆ ವಾಟ್ಸಾಪ್ ಮೆಸೇಜ್, ಅದನ್ನೇ ಎಸ್‌ಪಿ ಆಫೀಸಿಗೆ ಇಮೇಲ್, ಆಮೇಲೆ 112ಕ್ಕೆ ಒಂದು ಕಾಲ್. 112ಕ್ಕೆ ಮಾಡಿದ್ರೆ ಪೊಲೀಸ್ರದ್ದೇ ಲೆಕ್ಕದಲ್ಲಿ ಟೈಮ್ ದಾಖಲಾಗತ್ತೆ. ಠಾಣೇಲಿ ಸಿಸಿಟಿವಿ ಇರ್ಲೇಬೇಕು, ರೆಕಾರ್ಡಿಂಗ್ ಕಮ್ಮಿ ಅಂದ್ರೂ ಒಂದು ವರ್ಷ ಇಡ್ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಆ ರೆಕಾರ್ಡಿಂಗ್ ಅಳಿಸ್ಬೇಡಿ ಅಂತ ಬೇಗ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.

ಇದು ವಕೀಲರು ಸುಮ್ನೆ ಹೇಳಿದ್ದಲ್ಲ. ಸಂವಿಧಾನದ 22ನೇ ವಿಧೀಲೂ, ಸಿಆರ್‌ಪಿಸಿ ಬದಲು ಬಂದ ಈಗಿನ ಕಾನೂನು ಬಿಎನ್‌ಎಸ್‌ಎಸ್ ಕಲಂ 58ರಲ್ಲೂ 24 ಗಂಟೆ ಅಂತ ಇದೆ, ಹಿಡಿದ ಜಾಗದಿಂದ ಕೋರ್ಟಿಗೆ ಹೋಗೋ ದಾರಿ ಸಮಯ ಮಾತ್ರ ಬಿಡ್ಬಹುದು. ಘಾಟಿ, ಮಳೆ, ಮರ ಬಿದ್ದಿದೆ ಅಂತೆಲ್ಲ ಹೇಳಿದ್ರೂ ನಮ್ಮ ತಾಲೂಕುಗಳಲ್ಲಿ ಅದು ಗಂಟೆ ಎರಡು ಗಂಟೆ ಮಾತು, ಒಂದು ದಿನ ಅಲ್ಲ. 2025ರ ಜನವರೀಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದ ಒಂದು ಇ.ಡಿ. ಕೇಸಲ್ಲಿ ಇದೇ ತರ ಆಗಿತ್ತು. ದಿಲ್ಲಿ ಏರ್‌ಪೋರ್ಟಲ್ಲಿ ಬೆಳಿಗ್ಗೆ ಹಿಡ್ಕೊಂಡು, ಅರೆಸ್ಟ್ ಮೆಮೊ ಮಧ್ಯರಾತ್ರಿ ಮೇಲೆ ಬರ್ದು, ಮರುದಿನ ಮಧ್ಯಾಹ್ನ ಕೋರ್ಟಿಗೆ ತಂದಿದ್ರು. ಮೆಮೊದಲ್ಲಿರೋ ಟೈಮ್ ಅಲ್ಲ, ವಶಕ್ಕೆ ತಗೊಂಡ ಟೈಮಿಂದ ಲೆಕ್ಕ ಹಾಕಿ ಬಂಧನವೇ ಅಕ್ರಮ ಅಂದ್ರು, ಬೇಲ್ ಕೊಟ್ಟಿದ್ದನ್ನ ಎತ್ತಿಹಿಡಿದ್ರು. ಭಾನುವಾರ, ಹಬ್ಬ ಅನ್ನೋ ನೆಪಾನೂ ಇಲ್ಲ, ರಜೆ ದಿನ ಮ್ಯಾಜಿಸ್ಟ್ರೇಟ್ ಮನೆಗೇ ಕರ್ಕೊಂಡು ಹೋಗ್ತಾರೆ.

ಇನ್ನು ಕಾರಣ ಹೇಳೋ ವಿಷ್ಯ. ನಮಗೆ ಕೊಟ್ಟ ಕಾಗದದಲ್ಲಿ ಕ್ರೈಂ ನಂಬರು, ಕಲಂ ನಂಬರು, "ಸದರಿ ಪ್ರಕರಣದಲ್ಲಿ ಆರೋಪಿಯಾಗಿರುವುದರಿಂದ ದಸ್ತಗಿರಿ ಮಾಡಲಾಗಿದೆ" ಅಂತ ಒಂದು ಲೈನು, ಅಷ್ಟೇ. ಇದನ್ನ ಓದಿದ್ರೆ ಅವನ ಮೇಲೆ ಏನು ಹೊರಿಸಿದಾರೆ ಅಂತ ಯಾರಿಗಾದ್ರೂ ಗೊತ್ತಾಗತ್ತಾ? ಯಾವ ದಿನ, ಯಾರ ಅಂಗಳ, ಗಾಡಿ ಯಾರು ನೋಡಿದ್ದು, ಅಡಿಕೆ ಎಲ್ಲಿ ಸಿಕ್ತು, ಇದು ಇರ್ಬೇಕು. ಆಗ್ಲೇ ವಕೀಲರು "ಆ ಹೊತ್ತಿಗೆ ಅವನ ಗಾಡೀಲಿದ್ದಿದ್ದು ಬೇರೆಯವ್ರ ಲೋಡು, ಬಿಲ್ ಇಲ್ಲಿದೆ" ಅಂತ ಹೇಳೋಕಾಗೋದು. 2025ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎಲ್ಲಾ ಅಪರಾಧಕ್ಕೂ ಅನ್ವಯ ಮಾಡಿದೆ: ಕಾರಣ ಬರವಣಿಗೇಲಿ, ಹಿಡಿದವನಿಗೆ ಅರ್ಥ ಆಗೋ ಭಾಷೇಲಿ ಕೊಡ್ಬೇಕು, ತಕ್ಷಣ ಆಗ್ಲಿಲ್ಲ ಅಂದ್ರೆ ಬಾಯಲ್ಲಿ ಹೇಳಿ, ರಿಮ್ಯಾಂಡಿಗೆ ಹಾಜರು ಮಾಡೋಕೆ ಕಮ್ಮಿ ಅಂದ್ರೂ ಎರಡು ಗಂಟೆ ಮುಂಚೆ ಕೈಗೆ ಕೊಟ್ಟಿರ್ಬೇಕು. ಆದ್ರಿಂದ ಸೈನ್ ಹಾಕೋವಾಗ ಕಾಪಿ ಕೇಳಿ, ಸೈನ್ ಪಕ್ಕ ಅವತ್ತಿನ ತಾರೀಖು, ನಿಜವಾದ ಟೈಮ್ ನೀವೇ ಬರೀರಿ. ಚಿಕ್ಕಪ್ಪ ಹಂಗೇ ಮಾಡಿದ್ರು, "ಶುಕ್ರವಾರ ಸಂಜೆ 6ರಿಂದ ಠಾಣೆಯಲ್ಲಿದ್ದಾನೆ" ಅಂತ ಕೆಳಗೆ ಬರ್ದೇ ಸೈನ್ ಹಾಕಿದ್ದು, ರೈಟರ್ ರೇಗಾಡಿದ್ರೂ ಬಿಡ್ಲಿಲ್ಲ.

ಮ್ಯಾಜಿಸ್ಟ್ರೇಟ್ ಮುಂದೆ ಆಗಿದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಕೈಗೆ ಬಂದಿದ್ದು ಅಲ್ಲೇ ತಪ್ಪಿಹೋಗೋದು. ಪೊಲೀಸ್ರಿಂದ ಏನಾದ್ರೂ ತೊಂದ್ರೆ ಆಯ್ತಾ ಅಂತ ಅವ್ರು ಕೇಳೇ ಕೇಳ್ತಾರೆ. ಕರ್ಕೊಂಡು ಬಂದ ಪೇದೆ ಪಕ್ಕದಲ್ಲೇ ನಿಂತಿರ್ತಾರೆ, ಹುಡುಗ ಹೆದ್ರಿ "ಏನೂ ಇಲ್ಲ ಸರ್" ಅಂದ. ವಕೀಲರು ಪೊಲೀಸ್ರನ್ನ ಹೊರಗೆ ಕಳಿಸಿ ಇನ್ನೊಮ್ಮೆ ಕೇಳಿ ಅಂತ ವಿನಂತಿ ಮಾಡಿದ್ರು, ಆಮೇಲೆ ಶುಕ್ರವಾರದಿಂದ ಒಳಗಿದೀನಿ ಅಂತ ಬಾಯಿಬಿಟ್ಟ. ಮೆಸೇಜು, 112 ಕಾಲಿನ ವಿವರ, ಚಿಕ್ಕಪ್ಪ ಬರ್ದ ಕಾಗದದ ಫೋಟೋ ಎಲ್ಲಾ ಸೇರ್ಸಿ ವಕೀಲರು ಮೆಮೊ ಕೊಟ್ರು. ಮ್ಯಾಜಿಸ್ಟ್ರೇಟ್ ಅದನ್ನ ಆದೇಶದಲ್ಲಿ ದಾಖಲು ಮಾಡಿ, ಪೊಲೀಸ್ರು ಕೇಳಿದ ಕಸ್ಟಡಿ ಕೊಡದೆ ಬಾಂಡ್ ಬರೆಸ್ಕೊಂಡು ಬಿಟ್ರು.

ವಕೀಲರಿಗೆ ದುಡ್ಡಿಲ್ಲದವ್ರು ಆ ಹೊತ್ತಲ್ಲಿ ಕೈಕಟ್ಟಿ ಕೂರ್ಬೇಡಿ. 15100ಕ್ಕೆ ಫೋನ್ ಮಾಡಿ, ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇಲ್ಲಾ ತಾಲೂಕಿನ ಸಮಿತಿಯಿಂದ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಬಂಧನದಲ್ಲಿರೋರಿಗೆ ಆದಾಯದ ಮಿತಿ ಕೇಳಂಗಿಲ್ಲ.

ಒಂದನ್ನ ತಪ್ಪು ತಿಳ್ಕೋಬೇಡಿ, ಬಂಧನ ಅಕ್ರಮ ಅಂತಾದ್ರೂ ಕೇಸ್ ಮುಚ್ಚಿಹೋಗಲ್ಲ. ತನಿಖೆ ನಡೀತಾನೇ ಇರತ್ತೆ, ಸರಿಯಾಗಿ ಕಾರಣ ಬರ್ದು ಕೊಟ್ಟು ಮತ್ತೆ ಕಸ್ಟಡಿ ಕೇಳೋಕೂ ಅವ್ರಿಗೆ ದಾರಿ ಇದೆ. ನಮ್ಮ ಹುಡುಗನಿಗೆ ಈಗ ನೋಟಿಸ್ ಕೊಟ್ಟೇ ಕರೀತಿದಾರೆ. ಕಳ್ಳತನದಂತ ಏಳು ವರ್ಷದೊಳಗಿನ ಶಿಕ್ಷೆಯ ಕೇಸುಗಳಲ್ಲಿ ಸಾಮಾನ್ಯವಾಗಿ ಮೊದ್ಲೇ ಮಾಡ್ಬೇಕಾಗಿದ್ದು ಅದನ್ನೇ, ಬಿಎನ್‌ಎಸ್‌ಎಸ್ ಕಲಂ 35ರ ನೋಟಿಸ್. ಅವನು ವಕೀಲರ ಜೊತೆ ಹೋಗಿ, ಲೋಡಿನ ಬಿಲ್ ಕಾಪಿ ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಂಡು ಬರ್ತಿದಾನೆ.