ಅಡ್ವಾನ್ಸ್ ವಾಪಸ್ ಕೇಳುವ ಮೇಲ್: ಸಿಟ್ಟಿನದೋ, ತಿದ್ದಿದ್ದೋ?

ಮನೆ ಖಾಲಿ ಮಾಡಿದ ಮೇಲೆ ಓನರ್ ಪೇಂಟಿಂಗ್‌ಗೆಂದು ಎರಡು ತಿಂಗಳ ಬಾಡಿಗೆ ಮುರಿದುಕೊಂಡಿದ್ದಾರೆ. ಕರಾರಿನಲ್ಲಿರುವುದು ಒಂದೇ ತಿಂಗಳು.

ಸಿಟ್ಟಿನ ಕರಡು: “ನಿಮ್ಮದು ಯಾವಾಗಲೂ ಇದೇ ಕಥೆ. ಇದು ಹಗಲುದರೋಡೆ. ಕೋರ್ಟಿನಲ್ಲಿ ನೋಡಿಕೊಳ್ಳುತ್ತೇನೆ.”

ತಿದ್ದಿದ್ದು: “ಸರ್, ಕರಾರಿನ 9ನೇ ಕಲಮಿನಂತೆ ಪೇಂಟಿಂಗ್‌ಗೆ 18,000 ರೂ. ನೀವು ಹಿಡಿದಿರುವುದು 36,000. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಉಳಿದ 18,000 ರೂ. ಅನ್ನು 15ನೇ ತಾರೀಖಿನೊಳಗೆ ಖಾತೆಗೆ ಹಾಕಿ. ಬೇರೆ ರಿಪೇರಿಯಾಗಿದ್ದರೆ ಬಿಲ್ ಕಳಿಸಿ, ನೋಡುತ್ತೇನೆ.”

ಮೊದಲನೆಯದರಲ್ಲಿ ಎಷ್ಟು ಹಣ ಬರಬೇಕೆಂಬುದೇ ಇಲ್ಲ. ಓನರ್ ‘ದರೋಡೆ’ಯನ್ನೇ ಹಿಡಿದು ಜಗಳ ಬೆಳೆಸುತ್ತಾರೆ, ಲೆಕ್ಕ ಮೂಲೆಗೆ ಬೀಳುತ್ತದೆ. ಎರಡನೆಯದಕ್ಕೆ ಉತ್ತರಿಸಲು ಅವರು ಆ ಕಲಮನ್ನೇ ಮುಟ್ಟಬೇಕು. ನನ್ನ ಆಯ್ಕೆ ಇದೇ. ಆದರೆ ತಣ್ಣಗಾಗುವ ಭರದಲ್ಲಿ “ಒಪ್ಪಿಗೆಯಿಲ್ಲ” ಅಳಿಸಿ “ದಯವಿಟ್ಟು ಪರಿಶೀಲಿಸಿ” ಎಂದು ಬರೆದರೆ ಪಟ್ಟು ಸಡಿಲವಾಯಿತೆಂದೇ ಲೆಕ್ಕ. ಕೋರ್ಟಿನ ಮಾತು, ನಿಜಕ್ಕೂ ಹೋಗುವುದಿದ್ದರೆ, ಮುಂದಿನ ಮೇಲ್‌ಗಿರಲಿ.